ಹಳೆಯ ಪ್ರಶ್ನೆಪತ್ರಿಕೆಗಳಿಂದ ಭೌತಶಾಸ್ತ್ರದ ಪ್ರಶ್ನೆಕೋಶ: ಎಣಿಸುವುದು ಏನನ್ನು?

ಕೇಳಿದವರು: ಪದವಿಪೂರ್ವ ಕಾಲೇಜು ಉಪನ್ಯಾಸಕಿ, ಚಿತ್ರದುರ್ಗ ಜಿಲ್ಲೆ

ದ್ವಿತೀಯ ಪಿಯುಸಿ ಭೌತಶಾಸ್ತ್ರಕ್ಕೆ 2016ರಿಂದ ಈಚಿನ ಪತ್ರಿಕೆಗಳನ್ನು ಒಟ್ಟುಹಾಕಿದ್ದೇನೆ. ಅಧ್ಯಾಯವಾರು ಪ್ರಶ್ನೆಕೋಶ ಮಾಡಿ, ಒಳಗೆ ಅಂಕದ ಪ್ರಕಾರವೂ ಎಷ್ಟು ಸಲ ಬಂದಿದೆ ಎನ್ನುವುದರ ಪ್ರಕಾರವೂ ಜೋಡಿಸಬೇಕು. ಎರಡು ಅಧ್ಯಾಯ ಮುಗಿಸುವಷ್ಟರಲ್ಲಿ ಒಂದೇ ಪ್ರಶ್ನೆ ನಾಲ್ಕು ರೂಪದಲ್ಲಿ ಸಿಕ್ಕಿ ಲೆಕ್ಕ ತಪ್ಪಿತು. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಒಬ್ಬ ಪೋಷಕರು, ದಾವಣಗೆರೆ

ಮೇಡಂ, ಪತ್ರಿಕೆಗಳು ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲೇ ಸಿಗುತ್ತವೆ. ಮಾದರಿ ಪತ್ರಿಕೆಗಳೂ ಅಲ್ಲಿವೆ. ನಾನು ಮಗಳಿಗೆ ಎಲ್ಲವನ್ನೂ ಮುದ್ರಿಸಿ ಬೈಂಡ್ ಮಾಡಿಸಿ ಕೊಟ್ಟೆ. ಅವಳು ವಾರಕ್ಕೆ ಒಂದರಂತೆ ಮೂರು ಗಂಟೆ ಕುಳಿತು ಬರೆದಳು. ಅಷ್ಟೇ ಸಾಕಾಯಿತು. ವಿಂಗಡಿಸುವ ಕೆಲಸವನ್ನು ನಾವು ಮಾಡಲಿಲ್ಲ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಪತ್ರಿಕೆಗಳು ಮೇಡಂ ಅವರ ಕೈಯಲ್ಲೇ ಇವೆ, ತೊಡಕು ಇರುವುದು ಎಣಿಕೆಯಲ್ಲಿ. ಮೇಡಂ, ನೀವು ಪ್ರಶ್ನೆಯ ವಾಕ್ಯವನ್ನು ಎಣಿಸಲು ಹೊರಟಿದ್ದೀರಿ. ಎಣಿಸಬೇಕಾದದ್ದು ಉತ್ತರವನ್ನು.

ಪ್ರಿಸಂ ತೆಗೆದುಕೊಳ್ಳಿ. ಒಂದು ವರ್ಷ ‘ಪ್ರಿಸಂನ ವಸ್ತುವಿನ ವಕ್ರೀಭವನ ಸೂಚ್ಯಂಕಕ್ಕೆ ಸೂತ್ರ ಪಡೆಯಿರಿ’ ಎಂದು ಕೇಳುತ್ತಾರೆ. ಇನ್ನೊಮ್ಮೆ ‘ಕನಿಷ್ಠ ವಿಚಲನ ಕೋನ ಮತ್ತು ಪ್ರಿಸಂ ಕೋನಗಳ ಮೂಲಕ ವ್ಯಕ್ತಪಡಿಸಿ’ ಎನ್ನುತ್ತಾರೆ. ಮತ್ತೊಮ್ಮೆ ಸೂತ್ರವನ್ನೇ ಕೊಟ್ಟು ‘ತೋರಿಸಿ’ ಎನ್ನುತ್ತಾರೆ. ಮೂರಕ್ಕೂ ವಿದ್ಯಾರ್ಥಿ ಬರೆಯುವುದು ಅದೇ ಒಂದು ಪುಟ: ಕಿರಣಚಿತ್ರ, ಕೋನಗಳ ಸಂಬಂಧ, ಕನಿಷ್ಠ ವಿಚಲನದಲ್ಲಿ ಎರಡೂ ಕಡೆಯ ಕೋನಗಳು ಸಮ ಎನ್ನುವ ಮಾತು, ಕೊನೆಗೆ ಸ್ನೆಲ್ ನಿಯಮ. ಆದ್ದರಿಂದ ಮೂರಕ್ಕೂ ಒಂದೇ ಕೀಲಿ, ಅಂದರೆ ಒಂದೇ ಗುರುತಿನ ಹೆಸರು ಕೊಡಿ. ನನ್ನದು `09-ಪ್ರಿಸಂ-n` ಎಂದಿತ್ತು. ಮೊದಲಿಗೆ ಇರುವ ಅಂಕಿ ಅಧ್ಯಾಯದ್ದು. ಆದರೆ ‘ವಿಚಲನ ಕೋನ i + e − A ಎಂದು ತೋರಿಸಿ’ ಎಂದಷ್ಟೇ ಕೇಳಿದರೆ ಅದು ಆ ಪುಟದ ಮೊದಲ ಅರ್ಧ ಮಾತ್ರ, ಅಂಕವೂ ಕಡಿಮೆ. ಅದಕ್ಕೆ ಬೇರೆ ಕೀಲಿ ಬೇಕು.

ಹಾಳೆಯಲ್ಲಿ ನನಗೆ ಐದು ಕಾಲಂ ಸಾಕಾದವು: ಪತ್ರಿಕೆ, ಪ್ರಶ್ನೆ ಸಂಖ್ಯೆ, ಅಂಕ, ಅಧ್ಯಾಯ, ಕೀಲಿ. ಪತ್ರಿಕೆಯ ಕಾಲಂನಲ್ಲಿ ವರ್ಷ ಮಾತ್ರ ಬರೆದರೆ ಮುಂದೆ ಕಷ್ಟ. 2024, 2025ರಲ್ಲಿ ಒಂದೇ ವರ್ಷಕ್ಕೆ ಪರೀಕ್ಷೆ 1, 2, 3 ಇದ್ದವು, ಅದಕ್ಕೂ ಮೊದಲು ಪೂರಕ ಪರೀಕ್ಷೆ ಇತ್ತು. `2024-1`, `2019-ಪೂ` ಎಂದು ಬರೆಯಿರಿ. ಒಂದು ಪ್ರಶ್ನೆಯಲ್ಲಿ ಎರಡು ಭಾಗಗಳಿದ್ದರೆ ಎರಡು ಸಾಲು ಮಾಡಿ, ಅಂಕವನ್ನೂ ಹಂಚಿ. ಹಂಚುವುದು ಹೇಗೆಂದು ಸಂದೇಹ ಬಂದರೆ ಆ ಪತ್ರಿಕೆಯ ಮೌಲ್ಯಮಾಪನದ ಸ್ಕೀಮ್ ನೋಡಿ, ಅದರಲ್ಲಿ ಹಂತ ಹಂತಕ್ಕೂ ಅಂಕ ಬರೆದಿರುತ್ತಾರೆ.

ಆ ಹಾಳೆಗೆ Data ಎಂದು ಹೆಸರಿಡಿ. ನಂತರ ಬೇರೆ ಹಾಳೆಯಲ್ಲಿ ಎರಡನೆಯ ಸಾಲಿನಿಂದ ಕೀಲಿಗಳನ್ನು A ಕಾಲಂಗೆ, ಅಂಕಗಳನ್ನು B ಕಾಲಂಗೆ ಹಾಕಿ, ಪಕ್ಕದಲ್ಲಿ ಈ ಸೂತ್ರ ಇಡಿ. ಇದು ಗೂಗಲ್ ಶೀಟ್ಸ್‌ನಲ್ಲಿ ನಡೆಯುತ್ತದೆ:

```
=COUNTUNIQUEIFS(Data!A:A, Data!E:E, A2, Data!C:C, B2)
```

ಸಾಲುಗಳನ್ನು ಎಣಿಸದೆ ಪತ್ರಿಕೆಗಳನ್ನು ಎಣಿಸುವುದೇ ಇದರ ಉಪಯೋಗ. ಒಂದೇ ಪತ್ರಿಕೆಯಲ್ಲಿ ಒಂದು ಕೀಲಿ ಎರಡು ಕಡೆ ಬಂದರೂ ಒಂದೇ ಸಲ ಎಂದು ಲೆಕ್ಕಕ್ಕೆ ಬರುತ್ತದೆ. ಅಂಕವೂ ಷರತ್ತಿನಲ್ಲಿ ಇರುವುದರಿಂದ 3 ಅಂಕಕ್ಕೆ ಬಂದದ್ದು 5 ಅಂಕದ ಲೆಕ್ಕಕ್ಕೆ ಸೇರುವುದಿಲ್ಲ.

ಟ್ಯೂಷನ್ ನಡೆಸುವವರು, ತುಮಕೂರು

ಸರ್ ಹೇಳಿದ್ದು ಸರಿ. ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹಿಂದಿನ ಮಾರ್ಚ್ ಪತ್ರಿಕೆಯಲ್ಲಿ ಬಂದ 5 ಅಂಕದ ಡೆರಿವೇಶನ್‌ಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತೇನೆ, ಏಕೆಂದರೆ ಅವು ಮತ್ತೆ ತಕ್ಷಣ ಬರುವುದಿಲ್ಲ. ಉಳಿದವುಗಳಲ್ಲಿ ಹೆಚ್ಚು ಸಲ ಬಂದದ್ದು ಮೇಲೆ. ಮಕ್ಕಳ ಹೊರೆ ಅರ್ಧಕ್ಕೆ ಇಳಿಯುತ್ತದೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಹೊರೆ ಇಳಿಸುವ ನಿಮ್ಮ ಕಾಳಜಿ ನನಗೂ ಇದೆ, ಆದರೆ ಹೊಡೆದು ಹಾಕಬೇಡಿ. ಹಿಂದಿನ ಪತ್ರಿಕೆಯ ಪ್ರಶ್ನೆ ಮತ್ತೆ ಕೇಳಬಾರದು ಎಂಬ ನಿಯಮವೇನೂ ಇಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುವಾಗ ‘ಹಿಂದಿನ ಪತ್ರಿಕೆ’ ಯಾವುದು ಎನ್ನುವುದೇ ಸ್ಪಷ್ಟವಿಲ್ಲ. ಈಚೆಗೆ ಬಂದದ್ದನ್ನು ಒಂದು ಮೆಟ್ಟಿಲು ಕೆಳಗಿಡಿ, ಅಷ್ಟು ಸಾಕು.

ಹೊಡೆದು ಹಾಕಲೇಬೇಕಾದ ಪ್ರಶ್ನೆಗಳು ಬೇರೆ ಇವೆ. ಇಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ವಿಕಿರಣಶೀಲ ಕ್ಷಯ ನಿಯಮ, N = N₀e^(−λt), ಹಳೆಯ ಪತ್ರಿಕೆಗಳ 5 ಅಂಕದ ಗಟ್ಟಿ ಪ್ರಶ್ನೆ. ಅರ್ಧಾಯುಷ್ಯದ ಲೆಕ್ಕವೂ ಅದರ ಜೊತೆಗೇ ಬರುತ್ತಿತ್ತು. ಎನ್‌ಸಿಇಆರ್‌ಟಿ ಪಠ್ಯ ಪರಿಷ್ಕರಿಸಿದಾಗ ಅದು ಹೋಯಿತು. ಟ್ರಾನ್ಸಿಸ್ಟರ್, ಲಾಜಿಕ್ ಗೇಟ್, ಪೊಟೆನ್ಷಿಯೊಮೀಟರ್, ಸಂವಹನ ವ್ಯವಸ್ಥೆಯ ಇಡೀ ಅಧ್ಯಾಯ, ಎಲ್ಲವೂ ಹೋದವು. ನನ್ನ ಎಣಿಕೆಯ ಪಟ್ಟಿಯಲ್ಲಿ ಮಾತ್ರ ಕ್ಷಯ ನಿಯಮ ತುದಿಯಲ್ಲೇ ಕುಳಿತಿತ್ತು. ಒಬ್ಬ ಹುಡುಗ ಅದನ್ನು ಎರಡು ದಿನ ಕಂಠಪಾಠ ಮಾಡಿಕೊಂಡು ಬಂದು ನನ್ನ ಮುಂದೆ ಬರೆದು ತೋರಿಸಿದ. ಆ ಎರಡು ದಿನಗಳನ್ನು ಅವನಿಗೆ ಮರಳಿ ಕೊಡಲು ನನ್ನಿಂದ ಆಗಲಿಲ್ಲ.

ಆದ್ದರಿಂದ ಮೊದಲ ಸಾಲು ಬರೆಯುವ ಮುನ್ನ ಈಗಿನ ಪಠ್ಯಪುಸ್ತಕದ ಪರಿವಿಡಿ ಪಕ್ಕದಲ್ಲಿರಲಿ. ಆರನೆಯ ಕಾಲಂ ಒಂದನ್ನು ಸೇರಿಸಿ ‘ಈಗ ಇದೆ / ಇಲ್ಲ’ ಎಂದು ಗುರುತು ಹಾಕಿ.

ಪತ್ರಿಕೆಯ ಮಾದರಿ ಬದಲಾದದ್ದೂ ಎಣಿಕೆಯನ್ನು ಕೆಡಿಸುತ್ತದೆ. ಹಿಂದೆ 1 ಅಂಕದ ಹತ್ತು ನೇರ ಪ್ರಶ್ನೆಗಳಿದ್ದವು. ಈಗ ಆ ಭಾಗ 20 ಅಂಕದ್ದು: 15 ಬಹು ಆಯ್ಕೆ, 5 ಬಿಟ್ಟ ಸ್ಥಳ. ಹಳೆಯ ‘ವ್ಯಾಖ್ಯಾನಿಸಿ’ ಪ್ರಶ್ನೆಗಳ ಎಣಿಕೆಯಿಂದ ಬಹು ಆಯ್ಕೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅವನ್ನು ಅಧ್ಯಾಯದ ಕೊನೆಗೆ ಹಾಗೇ ಸೇರಿಸಿ, ಆವರ್ತನೆ ಹಾಕಲು ಹೋಗಬೇಡಿ. ಆವರ್ತನೆಯ ಲೆಕ್ಕ ನಿಜವಾಗಿ ಫಲ ಕೊಡುವುದು 5 ಅಂಕದ ಡೆರಿವೇಶನ್‌ಗಳಲ್ಲಿ. ಐದು ಕೊಟ್ಟು ಮೂರು ಬರೆಯಲು ಹೇಳುವ ಭಾಗ ಅದು.

ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ನಾನು ಇದನ್ನು ವಿಟಿಯು ಪತ್ರಿಕೆಗಳಿಗೆ ಮಾಡಿದ್ದೇನೆ. ನಮಗೆ ಪ್ರತಿ ಮಾಡ್ಯೂಲ್‌ನಿಂದ ಎರಡು ಪೂರ್ಣ ಪ್ರಶ್ನೆ ಕೊಟ್ಟು ಒಂದನ್ನು ಬರೆಯಲು ಹೇಳುತ್ತಾರೆ. ಹಾಗಾಗಿ ಅಧ್ಯಾಯದ ಬದಲು ಮಾಡ್ಯೂಲ್ ಹಾಕಿದರೆ ಮುಗಿಯಿತು. ಸ್ಕೀಮ್ ಬದಲಾದಾಗ ಅದೇ ವಿಷಯ ಬೇರೆ ಮಾಡ್ಯೂಲ್‌ಗೆ ಹೋಗಿರುತ್ತದೆ, ಅಲ್ಲಿ ಸರ್ ಹೇಳಿದ ತೊಂದರೆಯೇ ನನಗೂ ಆಯಿತು.

ಟೈಪಿಂಗ್ ಬಗ್ಗೆ ಒಂದು ಮಾತು. ಹಳೆಯ ಪಿಡಿಎಫ್‌ಗಳ ಕನ್ನಡ ಪಠ್ಯ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಅಲ್ಲಿಂದ ನಕಲು ಮಾಡಿದಾಗ ಅಕ್ಷರಗಳು ಇಂಗ್ಲಿಷ್ ಗೋಜಲಾಗಿ ಬರುತ್ತವೆ. ಅದನ್ನು ಸರಿಪಡಿಸುತ್ತ ಕೂರಬೇಡಿ. ಪ್ರಶ್ನೆಯ ಚಿತ್ರವನ್ನು ಕತ್ತರಿಸಿ ಫೋಲ್ಡರ್‌ಗೆ ಹಾಕಿ, ಹಾಳೆಯಲ್ಲಿ ಕೀಲಿ ಮಾತ್ರ ಟೈಪ್ ಮಾಡಿ. ಕೀಲಿಯ ಕಾಗುಣಿತ ಒಂದು ಸಾಲಿನಲ್ಲಿ ತಪ್ಪಿದರೂ ಸೂತ್ರ ಅದನ್ನು ಬೇರೆ ಎಂದು ಎಣಿಸುತ್ತದೆ. ಆ ಕಾಲಂಗೆ ಡ್ರಾಪ್‌ಡೌನ್ ಇಡಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಡೆರಿವೇಶನ್‌ಗಳಿಗೆ ಕೀಲಿ ಹಾಕುವುದು ಅರ್ಥವಾಯಿತು. ಆದರೆ 5 ಅಂಕದ ಲೆಕ್ಕಗಳು? ಅಂಕಿಗಳು ಪ್ರತಿ ಸಲವೂ ಬೇರೆ. ಎಲ್ಲಕ್ಕೂ ‘ಒಂದು ಸಲ’ ಎಂದೇ ಬರುತ್ತಿದೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಅಂಕಿಗಳನ್ನು ಬಿಡಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂಬ ಜೋಡಿಯೇ ಕೀಲಿ. ಸರಣಿ LCR ಮಂಡಲದಲ್ಲಿ R, L, C, ವೋಲ್ಟೇಜ್, ಆವೃತ್ತಿ ಕೊಟ್ಟು ಪ್ರತಿಬಾಧೆ ಮತ್ತು ಪ್ರವಾಹ ಕೇಳಿದರೆ ಒಂದು ಕೀಲಿ. ಅದೇ ಮಂಡಲದಲ್ಲಿ ಅನುರಣನ ಆವೃತ್ತಿ ಕೇಳಿದರೆ ಇನ್ನೊಂದು, ಏಕೆಂದರೆ ಬಿಡಿಸುವ ದಾರಿ ಬೇರೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದರೆ ಎರಡು ಸಾಲು.

ಕೀಲಿಯ ಗಾತ್ರ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ತೀರ ಈಚಿನ ಒಂದು ಪತ್ರಿಕೆಯನ್ನು ಪ್ರಶ್ನೆಕೋಶಕ್ಕೆ ಸೇರಿಸದೆ ಪಕ್ಕಕ್ಕಿಡಿ. ಉಳಿದದ್ದರಿಂದ ಪಟ್ಟಿ ಮುಗಿದ ಮೇಲೆ ಅದನ್ನು ತೆರೆದು, 5 ಅಂಕದ ಐದು ಡೆರಿವೇಶನ್‌ಗಳಲ್ಲಿ ಎಷ್ಟು ನಿಮ್ಮ ಪಟ್ಟಿಯಲ್ಲಿ ಎರಡು ಅಥವಾ ಹೆಚ್ಚು ಸಲ ಬಂದವು ಎಂದು ನೋಡಿ. ವಿದ್ಯಾರ್ಥಿಗೆ ಬೇಕಾದದ್ದು ಮೂರು. ಒಂದೋ ಎರಡೋ ಸಿಕ್ಕರೆ ಕೀಲಿಗಳನ್ನು ತೀರ ಸಣ್ಣದಾಗಿ ಒಡೆದಿದ್ದೀರಿ ಎನ್ನುವ ಅನುಮಾನ ಬರಬೇಕು. ಐದಕ್ಕೆ ಐದೂ ಸಿಕ್ಕರೂ ಹಿಗ್ಗಬೇಡಿ, ಕೀಲಿ ತೀರ ಅಗಲವಾಗಿರಬಹುದು. ‘ಗಾಸ್ ನಿಯಮದ ಅನ್ವಯ’ ಎಂದು ಒಂದೇ ಕೀಲಿ ಹಾಕಿದರೆ ಉದ್ದ ತಂತಿ, ಸಮತಲ ಹಾಳೆ, ಗೋಳಾಕಾರದ ಚಿಪ್ಪು ಮೂರೂ ಅದರೊಳಗೆ ಸೇರುತ್ತವೆ. ವಿದ್ಯಾರ್ಥಿ ಬರೆಯಬೇಕಾದ ಉತ್ತರ ಮಾತ್ರ ಮೂರು ಬಗೆಯದು, ಗಾಸ್ ಮೇಲ್ಮೈಯ ಆಕಾರವೇ ಬೇರೆ.

ಮಾದರಿ ಪತ್ರಿಕೆಗಳನ್ನು ಎಣಿಕೆಗೆ ಸೇರಿಸಬೇಡಿ, ಬೇರೆ ಗುರುತಿನಲ್ಲಿಡಿ. 2021ರಲ್ಲಿ ಕೋವಿಡ್ ಕಾರಣ ಕಾಲೇಜು ವಿದ್ಯಾರ್ಥಿಗಳ ಪರೀಕ್ಷೆ ರದ್ದಾಯಿತು. ಆ ಜಾಗ ಖಾಲಿ ಇರಲಿ, ‘ಎಷ್ಟು ವರ್ಷಗಳಲ್ಲಿ ಎಷ್ಟು’ ಎಂದು ಬರೆಯುವಾಗ ಅದನ್ನು ವರ್ಷವೆಂದು ಲೆಕ್ಕ ಹಾಕಬೇಡಿ.

ಉಪನ್ಯಾಸಕಿ, ಶಿವಮೊಗ್ಗ

ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳ ಕೈಗೆ ಕೊಡುವ ಪ್ರತಿಯಲ್ಲಿ ಆವರ್ತನೆಯ ಅಂಕಿ ಹಾಕಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನಾನು ಹಾಕಿದ್ದೆ. ‘6’ ಎಂದಿರುವುದನ್ನು ಓದಿದರು, ‘1’ ಎಂದಿರುವುದನ್ನು ತೆರೆಯಲೂ ಇಲ್ಲ. ಕೆಲವರಿಗೆ ಗೋಳೀಯ ಮೇಲ್ಮೈಯಲ್ಲಿ ವಕ್ರೀಭವನ ಬಾರದೆ ಮಸೂರ ತಯಾರಕರ ಸೂತ್ರ ಬಾಯಿಪಾಠವಾಗಿತ್ತು. ಮೊದಲನೆಯದನ್ನು ಎರಡು ಸಲ ಬಳಸಿದರೆ ತಾನೇ ಎರಡನೆಯದು ಬರುವುದು? ಈಗ ಅಧ್ಯಾಯದೊಳಗೆ ಪಾಠದ ಕ್ರಮದಲ್ಲೇ ಜೋಡಿಸುತ್ತೇನೆ. ಎಣಿಕೆ ನನ್ನ ಹಾಳೆಯಲ್ಲಿ ಮಾತ್ರ ಇರುತ್ತದೆ.

ಟ್ಯೂಷನ್ ನಡೆಸುವವರು, ತುಮಕೂರು

ನಾನು ಒಪ್ಪುವುದಿಲ್ಲ ಮೇಡಂ. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಬರುವ ಹುಡುಗನಿಗೆ ಯಾವುದನ್ನು ಮೊದಲು ಹಿಡಿಯಬೇಕು ಎಂದು ತೋರಿಸುವುದು ಆ ಅಂಕಿಯೇ. ಅದನ್ನು ಮುಚ್ಚಿಟ್ಟರೆ ಅವನು ಮೊದಲ ಅಧ್ಯಾಯದಲ್ಲೇ ನಿಲ್ಲುತ್ತಾನೆ.

ಕೇಳಿದವರು

ಎರಡು ಪ್ರತಿ ಮಾಡುತ್ತೇನೆ ಎಂದುಕೊಂಡಿದ್ದೇನೆ, ಡಿಸೆಂಬರ್‌ವರೆಗೆ ಪಾಠದ ಕ್ರಮದ್ದು, ಆಮೇಲೆ ಅಂಕಿ ಇರುವುದು. ಇದು ಸರಿಯೋ ಇಲ್ಲವೋ ಈ ವರ್ಷ ಗೊತ್ತಾಗಬೇಕು. ನಿನ್ನೆ ರಾತ್ರಿ ಒಂಬತ್ತನೇ ಅಧ್ಯಾಯದ ಸಾಲುಗಳಿಗೆ ಕೀಲಿ ಹಾಕಿ ಮುಗಿಸಿದೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಪೂರ್ಣ ಆಂತರಿಕ ಪ್ರತಿಫಲನದ ಷರತ್ತುಗಳನ್ನು 2 ಅಂಕಕ್ಕೆ ಕೇಳಿದ್ದಾರೆ, ಷರತ್ತು ಮತ್ತು ಆಪ್ಟಿಕಲ್ ಫೈಬರ್ ಸೇರಿಸಿ 3 ಅಂಕಕ್ಕೂ ಕೇಳಿದ್ದಾರೆ. ಮೂರನ್ನು ಎರಡು, ಒಂದು ಎಂದು ಹಂಚಲೇ ಅಥವಾ ಅದನ್ನೇ ಬೇರೆ ಕೀಲಿ ಮಾಡಲೇ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಹಂಚಿ. ಷರತ್ತುಗಳು ಬಂದ ವಿದ್ಯಾರ್ಥಿಗೆ ಆ ಮೂರರಲ್ಲಿ ಎರಡು ಈಗಾಗಲೇ ಕೈಯಲ್ಲಿವೆ, ಅದು ನಿಮ್ಮ ಹಾಳೆಯಲ್ಲಿ ಕಾಣಬೇಕು.