ಹಣೆಯ ಮೇಲೆ ಸರ್ಪಸುತ್ತು, ಕಣ್ಣಿಗೆ ಅಪಾಯವಾ? ಅನುಭವ ಇದ್ದವರು ಹೇಳಿ

ಕೇಳಿದವರು: ಅಮ್ಮನಿಗೆ 63. ನಾಲ್ಕು ದಿನದಿಂದ ಹಣೆಯ ಎಡಗಡೆ ಮಾತ್ರ ಉರಿ. ಇವತ್ತು ಬೆಳಿಗ್ಗೆ ಹುಬ್ಬಿನ ಮೇಲೆ ನಾಲ್ಕು ನೀರುಗುಳ್ಳೆ. ಕಣ್ಣು ಕೆಂಪಾಗಿಲ್ಲ. ಕಣ್ಣಿನ ಡಾಕ್ಟರಿಗೂ ತೋರಿಸಬೇಕಾ, ಕಾಯಬಹುದಾ?

ಬಲಹುಬ್ಬು: ನನ್ನ ಕಥೆ ಕೇಳಿ. ಸೋಮವಾರ ಬಾಚಣಿಗೆ ತಾಗಿದ್ದಕ್ಕೇ ಜೀವ ಹೋದ ಹಾಗಾಯಿತು. ಕೂದಲಿನ ಬುಡಕ್ಕೆ ಬಿಸಿ ಸೂಜಿ ಚುಚ್ಚಿದ ಹಾಗೆ. ಬಲಗಡೆ ಮಾತ್ರ, ಹಣೆಯ ನಡುವೆ ಗೆರೆ ಎಳೆದಂತೆ ನಿಂತುಬಿಟ್ಟಿತ್ತು. ಸೈನಸ್ ಅಂದುಕೊಂಡು ಎರಡು ದಿನ ಹಬೆ ತೆಗೆದುಕೊಂಡೆ. ಬುಧವಾರ ಕನ್ನಡಕದ ನಂಬರ್ ಚೆಕ್ ಮಾಡಿಸಿದೆ. ಗುರುವಾರ ಒಬ್ಬರು ಮೈಗ್ರೇನ್ ಮಾತ್ರೆ ಕೊಟ್ಟರು. ಶುಕ್ರವಾರ ಗುಳ್ಳೆ ಎದ್ದಿತು. ಆಗಲೂ ಹಚ್ಚೋಕೆ ಮುಲಾಮು ಕೊಟ್ಟು ಕಳಿಸಿದರು, ಅಷ್ಟೇ. ಮಂಗಳವಾರದ ಹೊತ್ತಿಗೆ ರೆಪ್ಪೆ ಊದಿ, ಬೆಳಕು ನೋಡಿದರೆ ಕಣ್ಣೀರು. ಕರಿಗುಡ್ಡೆಯ ಮೇಲೇ ಹುಣ್ಣು ಅಂದರು. ಆಮೇಲೆ ಏಸಿಕ್ಲೋವಿರ್ 800, ದಿನಕ್ಕೆ ಐದು ಸಲ. ಅಲಾರಂ ಇಟ್ಟುಕೊಂಡು ನುಂಗಿದೆ. ಡ್ರಾಪ್ಸ್ ಏಳು ತಿಂಗಳು. ಇವತ್ತಿಗೂ ಆ ಕಣ್ಣಿಗೆ ಮಂಜು ಕವಿದ ಹಾಗಿದೆ.

ತಣ್ಣನೆ ಮನುಷ್ಯ: ಸುಮ್ನೆ ಹೆದರಿಸಬೇಡಿ. ಮೂಗಿನ ತುದಿಗೆ ಗುಳ್ಳೆ ಬಂದರೆ ಮಾತ್ರ ಕಣ್ಣಿಗೆ ಅಪಾಯ. ನನಗೆ ಹಣೆ ತುಂಬಾ ಬಂದಿತ್ತು, ಮೂಗಿಗೆ ಬರಲಿಲ್ಲ. ಒಂದು ಮಾತ್ರೆಯನ್ನೂ ನುಂಗಲಿಲ್ಲ. ಮೂರು ವಾರಕ್ಕೆ ಹಕ್ಕಳೆ ಉದುರಿತು, ಕಣ್ಣು ಗಟ್ಟಿಯಾಗಿದೆ. 72 ಗಂಟೆ ದಾಟಿದರೆ ಆ ಮಾತ್ರೆ ದಂಡ. ಇವರ ಅಮ್ಮನಿಗೆ ಆಗಲೇ ನಾಲ್ಕು ದಿನ ಆಗಿದೆಯಲ್ಲ.

ಕಣ್ಣಿನ ವಾರ್ಡಿನವಳು: ಇಪ್ಪತ್ತು ವರ್ಷ ಕಣ್ಣಿನ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನಿಮ್ಮ ಅರ್ಧ ಮಾತು ಸರಿ, ಇನ್ನರ್ಧವೇ ಅಪಾಯ. ಮೂಗಿನ ತುದಿಗೂ ಪಕ್ಕಕ್ಕೂ ಹೋಗುವ ನರದ ಕವಲೇ ಕಣ್ಣೊಳಗೂ ಹೋಗುತ್ತದೆ. ಅದಕ್ಕೇ ಅಲ್ಲಿ ಗುಳ್ಳೆ ಕಂಡರೆ ನಮಗೆ ಎದೆ ಧಸಕ್ ಅನ್ನುತ್ತಿತ್ತು. ಆದರೆ ಮೂಗು ಖಾಲಿ ಇದ್ದೂ ಕಣ್ಣು ಕೆಟ್ಟವರನ್ನು ನೋಡಿದ್ದೇನೆ. 72 ಗಂಟೆ ಎಣಿಸುವುದು ಗುಳ್ಳೆ ಎದ್ದಾಗಿನಿಂದ, ನೋವು ಶುರುವಾದಾಗಿನಿಂದ ಅಲ್ಲ. ಆ ಅಮ್ಮನಿಗೆ ಇವತ್ತೇ ಮೊದಲ ದಿನ. ಗಡುವು ದಾಟಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ, ಕಣ್ಣಿಗೆ ತಗುಲಿದ್ದರೆ, ಡಾಕ್ಟರು ಮಾತ್ರೆ ಶುರು ಮಾಡುತ್ತಾರೆ. ಇವತ್ತೇ ಮಾತ್ರೆ ಬರೆಸಿಕೊಳ್ಳಿ, ಕಣ್ಣನ್ನೂ ತೋರಿಸಿ. ಕಿತ್ತಳೆ ಬಣ್ಣದ ಡೈ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕರಿಗುಡ್ಡೆಯ ಮೇಲಿನ ಗೀರು ಹಸಿರಾಗಿ ಹೊಳೆಯುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಅದು ಕಾಣಲ್ಲ. ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕಬೇಡಿ. ಅದನ್ನು ಕಣ್ಣಿನ ಡಾಕ್ಟರು ನೋಡಿಯೇ ಕೊಡಬೇಕು.

ಅಪ್ಪನ ಮಗ: ಐದು ಸಲ 800 ಅಂತ ಬರೆದು ಹೋಗುವವರು ಕಿಡ್ನಿ ವಿಷಯ ಯಾಕೆ ಹೇಳಲ್ಲ? ನಮ್ಮಪ್ಪನಿಗೆ ಹಾಗೇ ಪೂರ್ತಿ ಡೋಸ್ ಕೊಟ್ಟರು. ಕ್ರಿಯಾಟಿನಿನ್ ಜಾಸ್ತಿ ಇರುವ ರಿಪೋರ್ಟ್ ಫೈಲಿನಲ್ಲೇ ಇತ್ತು, ಯಾರೂ ತೆರೆದು ನೋಡಲಿಲ್ಲ. ಮೂರನೇ ರಾತ್ರಿ ಅಪ್ಪ ಗೋಡೆಯ ಮೇಲೆ ಇರುವೆ ಹರಿದಾಡುತ್ತಿದೆ ಅಂತ ಕೈಯಿಂದ ಒರೆಸುತ್ತಾ ಕೂತಿದ್ದರು. ನನ್ನ ಗುರುತೇ ಸಿಗಲಿಲ್ಲ. ಮಾತ್ರೆ ನಿಲ್ಲಿಸಿ ಡಯಾಲಿಸಿಸ್ ಮಾಡಬೇಕಾಯಿತು.

ಬಲಹುಬ್ಬು: ನಾನು ನನಗೆ ಕೊಟ್ಟಿದ್ದು ಬರೆದೆ ಸ್ವಾಮಿ, ಚೀಟಿ ಬರೆಯಲಿಲ್ಲ.

ಅಪ್ಪನ ಮಗ: ಓದುವವರು ಅದನ್ನೇ ಚೀಟಿ ಅಂದುಕೊಳ್ಳುತ್ತಾರೆ, ಅಲ್ವಾ?

ಕಣ್ಣಿನ ವಾರ್ಡಿನವಳು: ಅವರು ಹೇಳಿದ್ದು ನಿಜ. ಕಿಡ್ನಿ ವೀಕ್ ಇದ್ದರೆ ಡೋಸ್ ಇಳಿಸಲೇಬೇಕು. ಹಾಗಂತ ಹೆದರಿ ಮಾತ್ರೆಯನ್ನೇ ಬಿಟ್ಟರೆ ಕಣ್ಣು ಹೋಗಬಹುದು.

ಮೊಮ್ಮಗುವಿನ ಅಜ್ಜಿ: ನನಗೆ ಸೊಂಟಕ್ಕೆ ಬಂದಿತ್ತು. ಸೊಸೆ ಆರು ವಾರ ಮಗುವನ್ನು ಹತ್ತಿರ ಬಿಡಲಿಲ್ಲ. ಅದರ ಮುಂದೆ ಗುಳ್ಳೆ ನೋವು ಏನೂ ಅಲ್ಲ.

ತಣ್ಣನೆ ಮನುಷ್ಯ: ಸರ್ಪಸುತ್ತು ಅಂಟಲ್ಲ ಅಜ್ಜಿ. ನಿಮ್ಮ ಸೊಸೆಗೆ ಗೊತ್ತಿಲ್ಲ.

ಕಣ್ಣಿನ ವಾರ್ಡಿನವಳು: ಮತ್ತೆ ಅರ್ಧ! ಚಿಕನ್‌ಪಾಕ್ಸ್ ಬರದ, ಅದರ ಲಸಿಕೆಯನ್ನೂ ಹಾಕಿಸದ ಮಗುವಿಗೆ ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆ ಪೂರ್ತಿ ಒಣಗುವವರೆಗೆ ದೂರ ಇಟ್ಟರೆ ಸಾಕು. ಆರು ವಾರ ಬೇಕಿರಲಿಲ್ಲ.

ಮೊಮ್ಮಗುವಿನ ಅಜ್ಜಿ: ಹಾಗಾದರೆ ಸೊಸೆಗೆ ಇದನ್ನು ತೋರಿಸುತ್ತೇನೆ.

ಕೇಳಿದವರು: ಸಂಜೆ ತೋರಿಸಿಕೊಂಡು ಬಂದೆವು. ಡೈ ಹಾಕಿ ನೋಡಿದರು, ಈಗ ಕಣ್ಣಿಗೇನೂ ಆಗಿಲ್ಲವಂತೆ. ರಕ್ತಪರೀಕ್ಷೆ ಮಾಡಿ ವ್ಯಾಲಾಸಿಕ್ಲೋವಿರ್ 1 ಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಮೂರು ದಿನ ಬಿಟ್ಟು ಮತ್ತೆ ಬನ್ನಿ, ಮಧ್ಯೆ ಕಣ್ಣು ಕೆಂಪಾದರೆ ಆಗಲೇ ಬನ್ನಿ ಅಂದರು. ಮೂಗಿನ ಪಕ್ಕ ಒಂದು ಚುಕ್ಕೆ ಕಾಣುತ್ತಿದೆ, ಗುಳ್ಳೆಯೋ ಏನೋ.

ತಣ್ಣನೆ ಮನುಷ್ಯ: ನೋಡಿದಿರಾ, ಕಣ್ಣಿಗೆ ಏನೂ ಆಗಿಲ್ಲ.

ಬಲಹುಬ್ಬು: ಚುಕ್ಕೆ ಅಂತ ಬರೆದಿದ್ದು ಓದಿದಿರಾ ನೀವು?