ಸಾಸರ್ ನೋಡಿ ಕಾಫಿ ಹಿಡಿದಿಟ್ಟೆ, ಇಳಿದೇಬಿಡ್ತು: ಆಸಮ್ ಆಸಿಲೇಟರ್ ಬಳಸಿದವರು ಹೇಳಿ

ನಾಪೋಕ್ಲು ಬೆಳೆಗಾರ
ಗೋದಾಮಿನಲ್ಲಿ 60 ಚೀಲ ರೋಬಸ್ಟಾ ಚೆರಿ ಇದೆ. ಲಂಡನ್ ರೋಬಸ್ಟಾದ ದಿನದ ಚಾರ್ಟ್‌ಗೆ ಆಸಮ್ ಆಸಿಲೇಟರ್ ಹಾಕಿ ನೋಡ್ತೇನೆ. ಕೆಲವು ವಾರದ ಹಿಂದೆ ಸೊನ್ನೆಯ ಮೇಲೆ ಎರಡು ಕೆಂಪು ಬಾರ್, ಆಮೇಲೆ ಒಂದು ಹಸಿರು ಬಂತು. ಬೆಲೆ ಇನ್ನೂ ಏರುತ್ತೆ ಅನ್ನೋ ಸಾಸರ್ ಸಿಗ್ನಲ್ ಅಂತ ನಂಬಿ ಮಾರದೆ ಕೂತೆ, ಮರುದಿನದಿಂದಲೇ ಬೆಲೆ ಇಳೀತು. ಈಗ ಟ್ವಿನ್ ಪೀಕ್ಸ್ ಥರ ಕಾಣ್ತಿದೆ. ನಾನು ಎಲ್ಲಿ ತಪ್ಪಿದೆ?

ವಿರಾಜಪೇಟೆ
ಅಣ್ಣಾ, ನಾನು ಶೇರಿನಲ್ಲಿ ಎರಡು ವರ್ಷದಿಂದ ಇದನ್ನೇ ಬಳಸ್ತಿದ್ದೇನೆ. ಸಾಸರ್ ಬಿಟ್ಟುಬಿಡಿ, ಅದು ಸಣ್ಣ ಸಿಗ್ನಲ್. ಟ್ವಿನ್ ಪೀಕ್ಸ್ ಗಟ್ಟಿ. ಸೊನ್ನೆಯ ಮೇಲೆ ಎರಡು ಶಿಖರ, ಎರಡನೆಯದು ಮೊದಲನೆಯದಕ್ಕಿಂತ ಗಿಡ್ಡ ಇದ್ದರೆ ಮುಗೀತು, ಮಾರಿ. ನಡುವೆ ಏನಾಯ್ತು ಅಂತ ನೋಡೋದೇ ಬೇಡ.

ಸೋಮವಾರಪೇಟೆ
ನಡುವೆ ಏನಾಯ್ತು ಅನ್ನೋದನ್ನು ನೋಡಲೇಬೇಕು, ಅದಕ್ಕೆ ಆಮೇಲೆ ಬರ್ತೇನೆ. ನಾಪೋಕ್ಲು ಅವರೇ, ಆ ಹಸಿರು ಬಾರ್ ಬಂದ ದಿನದ ಹೈ, ಲೋ ಎಷ್ಟಿತ್ತು? ಅದರ ಹಿಂದಿನ ಏಳು ದಿನದ ಮಧ್ಯಬೆಲೆಯನ್ನೂ ಹಾಕಿ. ಹೈ, ಲೋ ಕೂಡಿಸಿ ಅರ್ಧ ಮಾಡಿದರೆ ಸಾಕು, ಕ್ಲೋಸಿಂಗ್ ಬೇಡ.

ನಾಪೋಕ್ಲು ಬೆಳೆಗಾರ
ಟನ್ನಿಗೆ ಡಾಲರ್ ಲೆಕ್ಕ, ಸುಲಭವಾಗಲಿ ಅಂತ ರೌಂಡ್ ಮಾಡಿದ್ದೇನೆ. ಹಳೆಯದರಿಂದ ಮಧ್ಯಬೆಲೆ ಹೀಗಿದೆ: 4,075, 4,040, 3,950, 4,030, 4,050, 4,060, 4,050. ಹಸಿರು ಬಂದ ದಿನ ಹೈ 4,060, ಲೋ 3,980, ಅಂದರೆ ಮಧ್ಯಬೆಲೆ 4,020. ಅದಕ್ಕೆ 34 ದಿನದ ಹಿಂದೆ 3,680 ಇತ್ತು.

ಸೋಮವಾರಪೇಟೆ
ತಪ್ಪು ಇದರಲ್ಲೇ ಕೂತಿದೆ. ಕೊನೆಯ ಮೂರು ದಿನ ನೋಡಿ: 4,060, 4,050, 4,020. ಬೆಲೆ ಇಳೀತಾನೇ ಇತ್ತು, ಆದರೂ ಬಾರ್ ಹಸಿರಾಯ್ತು. ಯಾಕೆ ಅಂತ ತಿಳಿಯಬೇಕಾದರೆ ಸೂತ್ರವನ್ನೊಮ್ಮೆ ನೋಡಬೇಕು, hl2 ಅಂದರೆ ಮಧ್ಯಬೆಲೆ, sma ಅಂದರೆ ಸರಾಸರಿ:

```
ao = ta.sma(hl2, 5) - ta.sma(hl2, 34)
```

ಐದು ದಿನದ ಸರಾಸರಿಯಲ್ಲಿ ಇವತ್ತಿನ ಬೆಲೆ ಒಳಗೆ ಬಂದಾಗ ಐದು ದಿನದ ಹಿಂದಿನದು ಹೊರಗೆ ಹೋಗುತ್ತದೆ. ನಿಮಗೆ ಹೊರಗೆ ಹೋದದ್ದು 3,950, ಆ ಒಂದು ಕೆಟ್ಟ ದಿನ. ಬಂದ 4,020ರಲ್ಲಿ ಹೋದ 3,950 ಕಳೆದರೆ 70, ಐದರಿಂದ ಭಾಗಿಸಿದರೆ 14. ದೊಡ್ಡ ಸರಾಸರಿಯಲ್ಲಿ ಹೊರಗೆ ಹೋದದ್ದು 3,680, ವ್ಯತ್ಯಾಸ 340, ಅದನ್ನು 34ರಿಂದ ಭಾಗಿಸಿದರೆ 10. ಹದಿನಾಲ್ಕರಲ್ಲಿ ಹತ್ತು ಕಳೆದರೆ ಹಿಂದಿನ ಬಾರ್‌ಗಿಂತ ನಾಲ್ಕು ಹೆಚ್ಚು, ಅದಕ್ಕೇ ಹಸಿರು. ಆ ಬಾರ್‌ಗೆ ಬಣ್ಣ ಕೊಟ್ಟದ್ದು ಇವತ್ತಿನ ಖರೀದಿ ಅಲ್ಲ, ಕಳೆದ ವಾರದ ಗುಂಡಿ ಲೆಕ್ಕದಿಂದ ಜಾರಿಹೋದದ್ದು.

ನನಗೂ ಇದು ಗೊತ್ತಾಗೋಕೆ ಒಂದು ಹಂಗಾಮು ಬೇಕಾಯ್ತು. ಆಮೇಲಿಂದ ಹಸಿರು ಬಂದ ಕೂಡಲೇ ಐದು ದಿನದ ಹಿಂದಿನ ಕ್ಯಾಂಡಲ್ ಮೇಲೆ ಬೆರಳಿಟ್ಟು ನೋಡ್ತೇನೆ. ಅದು ಅಕ್ಕಪಕ್ಕದವುಗಳಿಗಿಂತ ತೀರಾ ಕೆಳಗಿದ್ದರೆ ಆ ಹಸಿರಿಗೆ ಬೆಲೆ ಕೊಡಲ್ಲ.

ಇನ್ನೊಂದು, ಈ ಆಸಿಲೇಟರ್ ಮಾಡಿದ ಬಿಲ್ ವಿಲಿಯಮ್ಸ್ ಸಾಸರ್‌ನಲ್ಲಿ ಹಸಿರು ಬಾರ್ ಕಂಡ ತಕ್ಷಣ ಕೊಳ್ಳಿ ಅನ್ನಲಿಲ್ಲ. ಆ ದಿನದ ಹೈ ದಾಟಿದ ಮೇಲೆ ಮಾತ್ರ. ನಿಮ್ಮದರಲ್ಲಿ ಮರುದಿನ 4,060 ದಾಟಬೇಕಿತ್ತು. ದಾಟಲಿಲ್ಲ ಅಂದಮೇಲೆ ಆ ಸಿಗ್ನಲ್ ಚಾಲ್ತಿಗೇ ಬರಲಿಲ್ಲ. ನೀವು ನಂಬಿದ್ದು ಅರ್ಧ ಸಾಸರನ್ನು.

ಗೋಣಿಕೊಪ್ಪ
ನಾನು ಕಾಳುಮೆಣಸಿಗೆ ಇದನ್ನೇ ಮಾಡಿದ್ದೇನೆ. ವ್ಯಾಪಾರಿ ಹೇಳುವ ದರವನ್ನು ದಿನಾ ನೋಟ್‌ಬುಕ್‌ನಲ್ಲಿ ಬರೆದು ಐದರ ಸರಾಸರಿ, 34ರ ಸರಾಸರಿ ತೆಗೆದೆ. ವಾರಗಟ್ಟಲೆ ದರ ಅಲ್ಲಾಡೋದೇ ಇಲ್ಲ, ಬಾರ್ ಮಾತ್ರ ಕೆಂಪು ಹಸಿರು ಆಗ್ತಾ ಇರುತ್ತೆ. ಸಾಸರ್ ಲೆಕ್ಕಕ್ಕೆ ಸಿಗದಷ್ಟು ಬಂದಿವೆ. ಮೆಣಸು ಈಗ ಕೊಡಲಾ?

ಸೋಮವಾರಪೇಟೆ
ಅಣ್ಣಾ, ನಿಮ್ಮ ಪುಸ್ತಕದಲ್ಲಿ ದಿನಕ್ಕೆ ಒಂದೇ ದರ ಇದೆ, ಹೈ ಲೋ ಇಲ್ಲ. ಮಧ್ಯಬೆಲೆ ಅನ್ನೋದಕ್ಕೇ ಅಲ್ಲಿ ಅರ್ಥ ಇಲ್ಲ. ದರ ನಿಂತೇ ಇದ್ದಾಗ ಬಣ್ಣ ಬದಲಾಗೋದು ಪೂರ್ತಿಯಾಗಿ ಹಳೆ ದರ ಹೊರಗೆ ಹೋಗುವುದರಿಂದ. ಮೆಣಸು ಕೊಡುವ ವಿಚಾರಕ್ಕೆ ಇದನ್ನು ನೋಡಬೇಡಿ.

ಕುಶಾಲನಗರ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡುವವಳು
ನಾಪೋಕ್ಲು ಸರ್, ನಿಮ್ಮ ಎರಡು ಶಿಖರದ ನಡುವೆ ಬಾರ್‌ಗಳು ಸೊನ್ನೆಯ ಕೆಳಗೆ ಹೋಗಿವೆಯಾ?

ನಾಪೋಕ್ಲು ಬೆಳೆಗಾರ
ಹೌದು ಮೇಡಂ, ಎರಡು ಬಾರ್ ಕೆಳಗಿವೆ.

ವಿರಾಜಪೇಟೆ
ಎರಡೇ ಅಲ್ವಾ, ಪರವಾಗಿಲ್ಲ.

ಸೋಮವಾರಪೇಟೆ
ಒಂದು ಹೋದರೂ ಅದು ಟ್ವಿನ್ ಪೀಕ್ಸ್ ಅಲ್ಲ ತಮ್ಮಾ. ಎರಡೂ ಶಿಖರ, ನಡುವಿನ ಕಣಿವೆ, ಎಲ್ಲ ಸೊನ್ನೆಯ ಒಂದೇ ಬದಿಗೆ ಇರಬೇಕು. ಕೆಳಗೆ ಹೋಗಿ ಮತ್ತೆ ಮೇಲೆ ಬಂದರೆ ಹಳೆ ಏರಿಕೆ ಸತ್ತು ಹೊಸದು ಹುಟ್ಟಿದ ಹಾಗೆ, ಅವೆರಡರ ಎತ್ತರ ಹೋಲಿಸಿ ಏನೂ ಸಿಗಲ್ಲ.

ಕುಶಾಲನಗರ
ನಿಯಮ ಸರಿ ಸರ್. ಆದರೆ ಆ ಎರಡು ಬಾರ್ ನಿಜವಾಗಿ ಕೆಳಗೆ ಹೋಗಿದ್ದಾ ಅಂತ ನನಗೆ ಅನುಮಾನ. ಲಂಡನ್ ರೋಬಸ್ಟಾ ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಹೀಗೆ ತಿಂಗಳ ಲೆಕ್ಕದಲ್ಲಿ ಬೇರೆ ಬೇರೆ ಒಪ್ಪಂದಗಳಾಗಿ ಓಡುತ್ತದೆ. ಮೊಬೈಲ್‌ನಲ್ಲಿ ಉದ್ದಕ್ಕೆ ಕಾಣುವ ಚಾರ್ಟ್ ಅವನ್ನೆಲ್ಲ ಒಂದರ ಹಿಂದೆ ಒಂದು ಅಂಟಿಸಿದ್ದು. ಹತ್ತಿರದ ತಿಂಗಳು 4,100 ಇದ್ದು ಮುಂದಿನದು 3,950 ಇದ್ದರೆ, ತಿಂಗಳು ಬದಲಾದ ದಿನ ಯಾರೂ ಮಾರದೆಯೇ ಚಾರ್ಟ್ 150 ಡಾಲರ್ ಬೀಳುತ್ತದೆ. ಐದು ದಿನದ ಸರಾಸರಿ ಐದೇ ದಿನದಲ್ಲಿ ಆ ಪೂರ್ತಿ 150 ನುಂಗುತ್ತದೆ. ದೊಡ್ಡ ಸರಾಸರಿ ಅಷ್ಟರಲ್ಲಿ ಇಳಿಯೋದು 22 ಮಾತ್ರ. ಅಂದರೆ ಆಸಿಲೇಟರ್‌ನಿಂದ ಹತ್ತಿರ ಹತ್ತಿರ 128 ಸುಮ್ಮನೆ ಹೋಯ್ತು. ಸೊನ್ನೆಗೆ ಹತ್ತಿರ ಇದ್ದ ಬಾರ್ ಕೆಳಗೆ ಹೋಗೋಕೆ ಇನ್ನೇನು ಬೇಕು?

ಎರಡನೇ ಶಿಖರ ಗಿಡ್ಡ ಕಾಣೋಕೂ ಇದೇ ಕಾರಣ ಇರಬಹುದು. ಒಂದೇ ತಿಂಗಳ ಚಾರ್ಟ್ ತೆಗೆದು ನೋಡಿ. ರಾತ್ರಿ ಲಂಡನ್ ಮುಗಿದ ಮೇಲೆ ನೋಡಿ, ಸಂಜೆ ಕಂಡ ಬಣ್ಣ ಮಲಗುವ ಹೊತ್ತಿಗೆ ಬದಲಾಗಿರುತ್ತದೆ.

ನಾಪೋಕ್ಲು ಬೆಳೆಗಾರ
ನಿನ್ನೆ ಗಾಳಿಗೆ ಮರ ಬಿದ್ದು ಕರೆಂಟ್, ನೆಟ್‌ವರ್ಕ್ ಎರಡೂ ಇರಲಿಲ್ಲ, ಇವತ್ತು ನೋಡಿದೆ. ಮೇಡಂ ಹೇಳಿದ್ದೇ ನಿಜ. ಒಂದೇ ತಿಂಗಳ ಚಾರ್ಟ್‌ನಲ್ಲಿ ಕಣಿವೆ ಸೊನ್ನೆಯವರೆಗೆ ಬಂದು ಮೇಲೇ ನಿಂತಿದೆ. ಎರಡನೇ ಶಿಖರ ಅಲ್ಲೂ ಗಿಡ್ಡವೇ, ಆದರೆ ಅಷ್ಟು ಗಿಡ್ಡ ಅಲ್ಲ.

ವಿರಾಜಪೇಟೆ
ಹಾಗಾದರೆ ಟ್ವಿನ್ ಪೀಕ್ಸ್ ಹೌದು ತಾನೇ! ನಾನು ಹೇಳಿದ್ದು ಅದೇ.

ಸೋಮವಾರಪೇಟೆ
ಆಕಾರ ಹೌದು, ಒಪ್ಪಿದೆ. ಎರಡನೇ ಶಿಖರದ ನಂತರ ಕೆಂಪು ಬಾರ್ ಬಂತಾ? ಬಂದಿದ್ದರೆ ಆ ದಿನದ ಲೋ ಬರೆದಿಟ್ಟುಕೊಳ್ಳಿ. ಅದು ಮುರಿದರೆ ಮಾತ್ರ ಮಾರುವ ಸಿಗ್ನಲ್.

ಕುಶಾಲನಗರ
ನಾನು ಇನ್ನೊಂದು ನೋಡ್ತೇನೆ. ಎರಡನೇ ಶಿಖರದ ಹೊತ್ತಿಗೆ ಬೆಲೆ ಹಳೆ ಹೈ ದಾಟಿರಬೇಕು. ಬೆಲೆಯೂ ಗಿಡ್ಡ, ಶಿಖರವೂ ಗಿಡ್ಡ ಆದರೆ ಆಸಿಲೇಟರ್ ಹೊಸದಾಗಿ ಏನು ಹೇಳಿತು?

ಸೋಮವಾರಪೇಟೆ
ನಿಯಮದಲ್ಲಿ ಅದು ಇಲ್ಲ ಮೇಡಂ. ಬೆಲೆ ದಾಟದೆ ಬಂದ ಸಿಗ್ನಲ್‌ನಲ್ಲೂ ನಾನು ಮಾರಿ ಉಳಿದಿದ್ದೇನೆ. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಸೇರಲ್ಲ.

ಕುಶಾಲನಗರ
ಸರಿ ಸರ್. ನಾಪೋಕ್ಲು ಸರ್, ಚಾರ್ಟ್ ಡಾಲರ್‌ನಲ್ಲಿದೆ, ನಿಮಗೆ ಬರೋದು 50 ಕೆಜಿ ಚೀಲಕ್ಕೆ ರೂಪಾಯಿ, ಅದೂ ಔಟ್‌ಟರ್ನ್ ನೋಡಿ. ಲಂಡನ್ ಇಳಿದ ದಿನ ರೂಪಾಯಿಯೂ ಇಳಿದಿದ್ದರೆ ಇಲ್ಲಿನ ದರ ಅಲ್ಲಾಡದೇ ಇರಬಹುದು. ಮಾರುವ ಮುಂಚೆ ಅದನ್ನೂ ಕೇಳಿಕೊಳ್ಳಿ.

ನಾಪೋಕ್ಲು ಬೆಳೆಗಾರ
ಬೆಲೆ ಹಳೆ ಹೈ ದಾಟಿಲ್ಲ. ಕೊನೆಯ ಬಾರ್ ಇನ್ನೂ ಹಸಿರೇ ಇದೆ, ಐದು ದಿನದ ಹಿಂದಿನ ಕ್ಯಾಂಡಲ್ ನೋಡಿದೆ, ಅಲ್ಲಿ ಗುಂಡಿ ಇಲ್ಲ. ಕೆಂಪು ಬಂದು ಲೋ ಮುರಿದರೆ 30 ಚೀಲ ಕೊಡ್ತೇನೆ. ಉಳಿದ 30ಕ್ಕೆ ಮೇಡಂ ಹೇಳಿದ ಹಾಗೆ ಬೆಲೆ ಹಳೆ ಹೈ ದಾಟುತ್ತಾ ಅಂತ ಕಾಯ್ತೇನೆ. ರಾತ್ರಿ ಲಂಡನ್ ಮುಗಿದ ಮೇಲೆ ಬಂದು ಬಣ್ಣ ತಿಳಿಸ್ತೇನೆ.