ಅಳಿಯಂದಿರ “ಆಗಲಿ” ಎಂಬ ಮಾತು

“ದೊಡ್ಡಮ್ಮ, ಇವರು ನಾನು ಏನು ಹೇಳಿದರೂ ‘ಆಗಲಿ’ ಎನ್ನುತ್ತಾರೆ, ಆಮೇಲೆ ಸದ್ದಿಲ್ಲದೆ ಬೇರೆಯೇ ಮಾಡುತ್ತಾರೆ. ಈ ಸಲ ಯುಗಾದಿಗೆ ಶ್ರೀನಿವಾಸಪುರಕ್ಕೆ, ನಮ್ಮ ಅಮ್ಮನ ಮನೆಗೆ ಹೋಗೋಣ ಎಂದಾಗ ಒಪ್ಪಿದ್ದರು. ಇವತ್ತು ನಾದಿನಿಯ ಫೋನಿನಿಂದ ತಿಳಿಯಿತು, ಗೌರಿಬಿದನೂರಿಗೇ ಬರುತ್ತೇವೆ ಎಂದು ಅತ್ತೆಗೆ ಮಾತು ಕೊಟ್ಟಿದ್ದಾರಂತೆ. ಜಗಳವಾಡೋಣವೆಂದರೆ ಜಗಳಕ್ಕೂ ಸಿಗುವುದಿಲ್ಲ. ಇವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?”

ಅಮ್ಮಣ್ಣಿ, ನಿನ್ನ ಸಂದೇಶವನ್ನು ಎರಡು ಸಲ ಕೇಳಿಸಿಕೊಂಡೆ. ಈ ಗುಂಪಿನಲ್ಲಿ ನಾವು ಹೆಣ್ಣುಮಕ್ಕಳೇ ಇರುವುದರಿಂದ ಬಿಚ್ಚಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮುಗಿಸಿಕೊಂಡು ಕೇಳು.

ಮೊದಲು ಒಂದು ಮಾತು. ಅಳಿಯಂದಿರು ನಿನ್ನನ್ನು ಬಿಟ್ಟು ತಾಯಿಯನ್ನು ಆರಿಸಿಕೊಂಡರು ಎಂದು ನೀನು ನೊಂದುಕೊಂಡಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಎದುರಿಗೆ ನೀನಿದ್ದಾಗ ನಿನಗೆ “ಆಗಲಿ” ಎಂದರು, ಫೋನಿನಲ್ಲಿ ಅತ್ತೆ ಇದ್ದಾಗ ಅವರಿಗೂ “ಆಗಲಿ” ಎಂದರು. ಇಬ್ಬರಿಗೂ ಕೊಟ್ಟದ್ದು ಒಂದೇ ಉತ್ತರ. ಆ ಮಾತಿಗೆ ಒಪ್ಪಿಗೆ ಎಂಬ ಅರ್ಥವಿಲ್ಲ, “ಈ ಮಾತು ಇಲ್ಲಿಗೆ ನಿಲ್ಲಲಿ” ಎಂಬ ಅರ್ಥವಿದೆ. ಇದು ನನಗೆ ಗೊತ್ತಾಗಲು ಮೂವತ್ತು ವರ್ಷದ ಸಂಸಾರ ಬೇಕಾಯಿತು.

ನಿಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ, ಅವರಿಗೂ ತಿಳಿಸಿಯೇ ಹೇಳುತ್ತಿದ್ದೇನೆ. 2024ರ ಬೇಸಿಗೆಗೆ ಮುಂಚೆ, ನಮ್ಮ ಎರಡು ಎಕರೆಯಲ್ಲಿ ಒಂದಕ್ಕೆ ಹಿಪ್ಪುನೇರಳೆ ಹಾಕಿ ರೇಷ್ಮೆ ಸಾಕೋಣ, ಟೊಮೆಟೊ ಒಂದೇ ಎಕರೆ ಸಾಕು ಎಂದೆ. ಲೆಕ್ಕವನ್ನೆಲ್ಲ ಒಪ್ಪಿಸಿದೆ. ಕೊನೆಗೆ “ಸರಿ ತಾನೇ?” ಎಂದೆ. “ನೀನು ಹೇಳಿದ ಹಾಗೇ ಆಗಲಿ” ಎಂದು ಎದ್ದು ಹೋದರು. ಒಂದು ತಿಂಗಳಾಗಿರಬಹುದು, ನರ್ಸರಿಯ ಗಾಡಿ ಬಂದು ಟೊಮೆಟೊ ಸಸಿಯ ಟ್ರೇಗಳನ್ನು ಇಳಿಸಿತು. ಎಕರೆಗೆ ಐದಾರು ಸಾವಿರ ಸಸಿ ಸಾಕು, ಬಂದದ್ದು ಹನ್ನೊಂದು ಸಾವಿರ, ಎಂದರೆ ಎರಡೂ ಎಕರೆಗೆ ಟೊಮೆಟೊ. ಕೂಲಿಯವರ ಎದುರಿಗೇ ಕೂಗಾಡಿದೆ. ನಿಮ್ಮ ದೊಡ್ಡಪ್ಪ ತಲೆ ತಗ್ಗಿಸಿ ನಿಂತರು. ಹದಿನೈದು ದಿನ ಮನೆಯಲ್ಲಿ ಮಾತಿಲ್ಲ. ನಾನು ಹೆಚ್ಚು ಒತ್ತಾಯಿಸಿದಷ್ಟೂ ಅವರು ಒಳಕ್ಕೆ ಸರಿದರು, ಅವರು ಸರಿದಷ್ಟೂ ನನ್ನ ದನಿ ಏರಿತು.

ಆಮೇಲೆ ಒಂದು ದಿನ ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲಿ ಟೊಮೆಟೊ ಗಿಡಗಳನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಕೈಯಲ್ಲಿ ದಾರ, ಕಣ್ಣು ಗಿಡದ ಮೇಲೆ. ಆ ಹೊತ್ತಿನಲ್ಲಿ, “ಅವತ್ತು ನೀವು ಆಗಲಿ ಎಂದಾಗ, ಹೇಳಬೇಕೆಂದಿದ್ದು ಬೇರೆ ಏನಾದರೂ ಇತ್ತೇ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ, ಇದೇ ನನಗೆ ಬಹಳ ಕಷ್ಟವಾದದ್ದು. ಸಾಲಿನ ತುದಿಗೆ ಬಂದಾಗ ಅವರೇ ಬಾಯಿ ಬಿಟ್ಟರು. ಹಿಂದಿನ ವರ್ಷ ಎಲೆಮುದುಡು ರೋಗಕ್ಕೆ ಹೆದರಿ ನಾನು ಟೊಮೆಟೊ ಬೇಡ ಎಂದಿದ್ದೆ, ಅವರು ಒಪ್ಪಿ ರಾಗಿ ಹಾಕಿದ್ದರು. ಆ 2023ರ ಜುಲೈನಲ್ಲೇ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಪಕ್ಕದ ಹೊಲದವರು ಮನೆ ಕಟ್ಟಿಸಿದರು. ಆ ಸಂಕಟವನ್ನು ಅವರು ನನಗೆ ಒಂದು ದಿನವೂ ಹೇಳಿರಲಿಲ್ಲ. ಇನ್ನೊಂದೂ ಇತ್ತು. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಸೊಪ್ಪು ಹಾಕಿ ಮುಗಿಯುವುದೇ ಇಲ್ಲ, ರಾತ್ರಿಯೂ ಏಳಬೇಕು, ನನ್ನ ಮಂಡಿನೋವಿನಲ್ಲಿ ಅದು ಆಗದು ಎಂದು ಅವರಿಗೆ ಅನಿಸಿತ್ತು. ಹಾಗೆಂದರೆ ನಾನು “ನನಗೇನಾಗಿದೆ?” ಎಂದು ಮೇಲೆ ಬೀಳುತ್ತೇನೆಂದು ಸುಮ್ಮನಾಗಿದ್ದರಂತೆ.

ಬೀಳುತ್ತಿದ್ದೆ, ನಿಜ. ಆಗಲೂ “ಕೂಲಿಯವರನ್ನು ಇಟ್ಟುಕೊಳ್ಳೋಣ” ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಹೋದ ವರ್ಷದ ನಷ್ಟ ನಿಮ್ಮನ್ನು ಇಷ್ಟು ಕೊರೆಯುತ್ತಿತ್ತು, ಜೊತೆಗೆ ನನ್ನ ಮಂಡಿಯ ಚಿಂತೆ, ಇಷ್ಟೇ ತಾನೇ?” ಎಂದೆ. “ಹೂಂ” ಎಂದರು. ಆ ದಿನಕ್ಕೆ ಅಷ್ಟೇ. ನನ್ನ ವಾದವನ್ನು ಮರುದಿನ ಸಂಜೆಗೆ ಇಟ್ಟುಕೊಂಡೆ. ಇದನ್ನು ನೆನಪಿಡು ಅಮ್ಮಣ್ಣಿ: ಮೊದಲ ಸಲ ಹೊರಗೆ ಬಂದ “ಬೇಡ” ಎಂಬ ಮಾತಿಗೆ ಅದೇ ನಿಮಿಷದಲ್ಲಿ ನೀನು ಎದುರುತ್ತರ ಕೊಟ್ಟರೆ, ಅವರು ಎರಡನೆಯ ಸಲ ಹೇಳುವುದಿಲ್ಲ. ಮತ್ತೆ “ಆಗಲಿ” ಶುರುವಾಗುತ್ತದೆ. ಮರುದಿನ ಅವರೇ ಅರ್ಧ ಎಕರೆ ಹಿಪ್ಪುನೇರಳೆ ಹಾಕಿ ನೋಡೋಣ, ರಾತ್ರಿ ಸೊಪ್ಪು ಹಾಕುವುದು ತನ್ನ ಪಾಲು ಎಂದರು. ಹಾಗೆಯೇ ನಡೆಯಿತು.

ಅಲ್ಲಿಂದೀಚೆಗೆ ಅವರ ನಿಜವಾದ ಒಪ್ಪಿಗೆಯನ್ನು ಗುರುತಿಸುವುದು ಕಲಿತೆ. ಮನಸ್ಸಿದ್ದು ಒಪ್ಪಿದರೆ ತಕರಾರು ಇರುತ್ತದೆ: ಯಾವತ್ತು, ಯಾವ ಬಸ್ಸಿಗೆ, ಹಸು ಯಾರು ಕರೆಯುತ್ತಾರೆ ಎಂದು ಕೇಳುತ್ತಾರೆ. ಒಂದೂ ಪ್ರಶ್ನೆಯಿಲ್ಲದೆ ತಟ್ಟನೆ ಬಂದ “ಆಗಲಿ”ಯನ್ನು ನಾನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. “ರೂಪಾಯಿಗೆ ಎಷ್ಟಾಣೆ ಒಪ್ಪಿಗೆ?” ಎಂದು ಕೇಳುತ್ತೇನೆ. “ಹತ್ತಾಣೆ” ಎನ್ನುತ್ತಾರೆ. ಬೇಡ ಎನ್ನಲು ಬಾಯಿ ಬರದವರಿಗೂ ಹತ್ತಾಣೆ ಎನ್ನಲು ಬರುತ್ತದೆ. ಉಳಿದ ಆರಾಣೆ ಎಲ್ಲಿ ಹೋಯಿತು ಎಂಬುದೇ ಆಗ ಮಾತಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲು ಹೇಳುವುದನ್ನೂ ಬಿಟ್ಟಿದ್ದೇನೆ. ಹೇಳಿಬಿಟ್ಟರೆ ಅವರಿಗೆ ಉಳಿಯುವುದು ತಲೆಯಾಡಿಸುವುದು ಮಾತ್ರ. “ಎರಡರಲ್ಲಿ ಯಾವುದು ಎಂದು ನಾಳೆ ರಾತ್ರಿ ಊಟವಾದ ಮೇಲೆ ಹೇಳಿ” ಎಂದರೆ ಯೋಚಿಸಿ ಹೇಳುತ್ತಾರೆ.

ಈಗ ನಿನ್ನ ಯುಗಾದಿ. ಗೊತ್ತಿದ್ದೂ ಗೊತ್ತಿಲ್ಲದವಳಂತೆ “ಶ್ರೀನಿವಾಸಪುರಕ್ಕೆ ಯಾವತ್ತು ಹೊರಡುವುದು?” ಎಂದು ಕೇಳಬೇಡ. ಅದು ಬಲೆ, ಸಿಕ್ಕಿಬಿದ್ದವರು ಇನ್ನಷ್ಟು ಮುಚ್ಚಿಡುತ್ತಾರೆ. “ಯಾಕೆ ಸುಳ್ಳು ಹೇಳಿದಿರಿ?” ಎಂದೂ ಶುರುಮಾಡಬೇಡ. ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು, ಮೊದಲ ಮೂರು ನಿಮಿಷ ಹೇಗಿರುತ್ತದೋ ಉಳಿದ ಮಾತು ಸಾಮಾನ್ಯವಾಗಿ ಹಾಗೆಯೇ ಸಾಗುತ್ತದೆ ಎಂದು ಕಂಡುಕೊಂಡಿದ್ದಾರೆ. ಹೀಗೆ ಹೇಳು: “ಗೌರಿಬಿದನೂರಿಗೆ ಬರುತ್ತೇವೆ ಎಂದು ಅತ್ತೆಗೆ ಹೇಳಿದ್ದೀರಿ ಎಂದು ತಿಳಿಯಿತು. ನನಗೆ ಬೇಜಾರಾಗಿದೆ. ನನಗೆ ಒಪ್ಪಿದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಬೇಕು, ಈಗಲೇ ಹೇಳಬೇಕೆಂದಿಲ್ಲ.” ಎದುರುಬದುರು ಕೂತು ಬೇಡ. ಸಂಜೆ ಇಬ್ಬರೂ ನಡೆಯಲು ಹೋಗುತ್ತೀರಲ್ಲ, ಆಗ ಹೇಳು. ಮಗು ಜೊತೆಯಲ್ಲಿರದಿದ್ದರೆ ಒಳ್ಳೆಯದು.

ಕೊನೆಗೆ ಎಲ್ಲಿಗೆ ಹೋಗುವುದೆಂದು ತೀರ್ಮಾನವಾದರೂ, ಫೋನು ಮಾಡಿ ಮಾತು ಬದಲಿಸುವುದು ಅವರ ಕೆಲಸ. ನಿನ್ನ ಅಮ್ಮನಿಗೆ ಬರುವುದಿಲ್ಲ ಎನ್ನುವುದಾದರೂ ಅವರೇ ಹೇಳಲಿ, ಅತ್ತೆಗಾದರೂ ಅವರೇ ಹೇಳಲಿ. ಇಷ್ಟು ದಿನ ಆ ಮುಜುಗರವನ್ನೆಲ್ಲ ನೀನೇ ಹೊತ್ತಿದ್ದೀಯ, ಅದಕ್ಕೇ ಅವರಿಗೆ “ಆಗಲಿ” ಎನ್ನುವುದು ಸುಲಭವಾಗಿದೆ.

ಇದು ಹಬ್ಬದ ವಿಷಯಕ್ಕೆ, ಜಮೀನಿನ ವಿಷಯಕ್ಕೆ ಆಗುವ ಮಾತು. ನಿನಗೆ ತಿಳಿಸದೆ ಸಾಲ ಮಾಡುವುದು, ಯಾರಿಗೋ ಜಾಮೀನು ಹಾಕುವುದು ಕಂಡರೆ ಸಾಲಿನ ತುದಿಯವರೆಗೆ ಕಾಯಬೇಡ. ಮೊದಲು ಪಾಸ್‌ಪುಸ್ತಕ, ಕಾಗದಪತ್ರ ನೋಡು, ನಮಗೆ ಹೇಳು.

ಇವತ್ತು ಬಾಯಿ ಬಿಡದಿದ್ದರೆ ಎದೆಗುಂದಬೇಡ. ನಿಮ್ಮ ದೊಡ್ಡಪ್ಪ ಈಗಲೂ ಆಗಾಗ ತಟ್ಟನೆ “ಆಗಲಿ” ಎಂದುಬಿಡುತ್ತಾರೆ, ನಾನು ಎಷ್ಟಾಣೆ ಎಂದು ಕೇಳಬೇಕಾಗುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಏಳೂವರೆಗೆ ಮನೆಗೆ ಬಂದಿರುತ್ತೇನೆ. ಆಗ ಫೋನ್ ಮಾಡು, ಅವರು ಏನೆಂದರು ಎಂದು ಹೇಳು.